ಇಪ್ಪತ್ತೆರಡು ಅಕ್ಷರಗಳ ಒಂದು ಸಾಲು

ಕಳೆದ ಮಳೆಗಾಲದ ಕೊನೆಯಲ್ಲಿ, ದಾವಣಗೆರೆಯಲ್ಲಿ ಮೊಬೈಲ್ ಬಿಡಿಸಾಮಾನಿನ ಅಂಗಡಿ ಇಟ್ಟಿರುವ ಪರಿಚಯದವರೊಬ್ಬರು ನನಗೆ ವಾಟ್ಸಾಪಿನಲ್ಲಿ 15 ಸೆಕೆಂಡಿನ ವೀಡಿಯೊ ಕಳಿಸಿ, ಅದರ ಮೇಲೆ ಹಾಕಲು ಒಂದು ಸಾಲು ಬರೆದುಕೊಡಬೇಕೆಂದು ಕೇಳಿದರು. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಬಿಟ್ಟ ಮೇಲೆ ಕರಪತ್ರ, ಫ್ಲೆಕ್ಸು, ಮದುವೆ ಕಾರ್ಡು ಎಂದು ಬಂದದ್ದನ್ನೆಲ್ಲ ಬರೆದುಕೊಡುತ್ತಿದ್ದ ನನಗೆ ಇದು ದೊಡ್ಡ ಕೆಲಸವೆಂದು ತೋರಲಿಲ್ಲ. ಅವರಿಗೂ ತೋರಿರಲಿಲ್ಲ. "ನಾಲ್ಕು ಪದ ಸಾಕ್ರಿ ಸರ್, ನಿಮಗೆ ಐದು ನಿಮಿಷದ ಕೆಲಸ" ಎಂದಿದ್ದರು. ಕೊನೆಗೆ ಆ ಸಾಲು ಏಳು ಪದಗಳದ್ದಾಯಿತು. ಅದು ವೀಡಿಯೊದ ಮೇಲೆ ಸರಿಯಾಗಿ ಬಂದು ಕೂರಲು ಆರು ದಿನ ಹಿಡಿಯಿತು.

ವಸ್ತು ಸರಳವಾದದ್ದು: ಬೈಕಿನ ಹ್ಯಾಂಡಲಿಗೆ ಬಿಗಿದು, ದಾರಿ ನೋಡಲೆಂದು ಫೋನನ್ನು ಸಿಕ್ಕಿಸುವ ಮೊಬೈಲ್ ಹೋಲ್ಡರ್. ವೀಡಿಯೊದಲ್ಲಿ ಮೊದಲ ಮೂರು ಸೆಕೆಂಡು ಡಬ್ಬಿ ತೆರೆದು ಕ್ಲಾಂಪನ್ನು ಹ್ಯಾಂಡಲಿಗೆ ಹಿಡಿಯುವ ಕೈಗಳು ಕಾಣುತ್ತವೆ. ಮುಂದಿನ ಮೂರರಲ್ಲಿ ಅದೇ ಕೈಗಳು ಆಲೆನ್ ಕೀಯಿಂದ ಸ್ಕ್ರೂ ಬಿಗಿಯುತ್ತವೆ. ಆರರಿಂದ ಎಂಟನೆಯ ಸೆಕೆಂಡಿನವರೆಗೆ ಫೋನನ್ನು ಇಟ್ಟು ಒತ್ತಿದಾಗ ಹೋಲ್ಡರಿನ ನಾಲ್ಕು ತೋಳುಗಳು ನಾಲ್ಕು ಮೂಲೆಗಳನ್ನು ಹಿಡಿದುಕೊಳ್ಳುತ್ತವೆ. ಅಲ್ಲಿಂದ 13ರವರೆಗೆ ಬೈಕು ರಸ್ತೆಯ ಉಬ್ಬು, ತಗ್ಗುಗಳ ಮೇಲೆ ಹೋಗುತ್ತದೆ, ಫೋನು ಅಲುಗುವುದಿಲ್ಲ. ಕೊನೆಯ ಎರಡು ಸೆಕೆಂಡು ಅಂಗಡಿಯ ಬೋರ್ಡು. ಅಂಗಡಿಯ ಹುಡುಗನೇ ತೆಗೆದದ್ದಾದರೂ ಚೆನ್ನಾಗಿ ಬಂದಿತ್ತು. ಬೈಕು ಓಡುತ್ತಿರುವಾಗಲೇ ಪರದೆಯ ಮೇಲೆ ಕರೆಯೊಂದು ಬಂದು ಸವಾರ ಬೆರಳು ಚಾಚುವ ಒಂದು ತುಣುಕನ್ನು ಮಾತ್ರ ತೆಗೆಸಿ, ಅದರ ಜಾಗಕ್ಕೆ ನಕ್ಷೆ ತೆರೆದಿರುವ ಪರದೆಯನ್ನು ಹಾಕಿಸಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರಲ್ಲಿ ಆದ ತಿದ್ದುಪಡಿ ವಾಹನ ಓಡಿಸುವಾಗ ಫೋನಿಗೆ ಅವಕಾಶ ಕೊಟ್ಟಿರುವುದು ದಾರಿ ನೋಡುವುದಕ್ಕೆ ಮಾತ್ರ, ಅದೂ ಓಡಿಸುವವರ ಗಮನ ಕೆಡದಂತೆ. ಅದಕ್ಕೆ ವಿರುದ್ಧವಾದ ಚಿತ್ರದ ಮೇಲೆ ಎಂಥ ಸಾಲು ಬರೆದರೂ ವ್ಯರ್ಥ.

ಮಾಲೀಕರು ತಾವೇ ಒಂದು ಸಾಲನ್ನು ಬರೆದಿಟ್ಟಿದ್ದರು. "ನಮ್ಮಲ್ಲಿ ಉತ್ತಮ ಗುಣಮಟ್ಟದ 360 ಡಿಗ್ರಿ ತಿರುಗುವ ಶಾಕ್‌ಪ್ರೂಫ್ ಮೊಬೈಲ್ ಹೋಲ್ಡರ್ ಆಕರ್ಷಕ ಬೆಲೆಯಲ್ಲಿ ಲಭ್ಯವಿದೆ, ಇಂದೇ ಭೇಟಿ ನೀಡಿ." ಎಣಿಸಿದರೆ ಸರಿಯಾಗಿ ಹದಿನೈದು ಪದ, ಸೆಕೆಂಡಿಗೊಂದರಂತೆ. ಇಂಥ ಸಾಲನ್ನು ನಾನು ಫ್ಲೆಕ್ಸುಗಳಿಗೆ ಎಷ್ಟೋ ಸಲ ಬರೆದುಕೊಟ್ಟಿದ್ದೇನೆ, ಆದ್ದರಿಂದ ಅದನ್ನು ನೋಡಿ ನಗುವ ಹಕ್ಕು ನನಗಿರಲಿಲ್ಲ. ಫ್ಲೆಕ್ಸು ಕಂಬದ ಮೇಲೆ ತಿಂಗಳುಗಟ್ಟಲೆ ನಿಂತಿರುತ್ತದೆ. ಬಸ್ಸಿಗೆ ಕಾಯುವವರು ಅದನ್ನು ಮೂರು ಸಲ ಓದುತ್ತಾರೆ. ಇಲ್ಲಿ ಮಾತ್ರ ಓದುವ ಕಣ್ಣೂ ನೋಡುವ ಕಣ್ಣೂ ಒಂದೇ, ಅಕ್ಷರದ ಮೇಲೆ ಅದು ಇದ್ದಷ್ಟು ಹೊತ್ತು ಚಿತ್ರದ ಮೇಲೆ ಇರುವುದಿಲ್ಲ. ಆ ಹದಿನೈದು ಪದಗಳನ್ನು ಓದಿ ಮುಗಿಸುವಷ್ಟರಲ್ಲಿ ಹೋಲ್ಡರು ಬಿಗಿಯಾಗಿ, ಫೋನು ಸಿಕ್ಕಿಸಿ, ಅರ್ಧ ದಾರಿ ಸಾಗಿ ಆಗಿರುತ್ತಿತ್ತು. ಅದೂ ಅಲ್ಲದೆ, ಹೋಲ್ಡರು ಮೊಬೈಲಿಗೆ ಸಂಬಂಧಿಸಿದ್ದೆಂಬುದು, ಅದು ತಿರುಗುತ್ತದೆಂಬುದು, ಅಂಗಡಿಯಲ್ಲಿ ಸಿಗುತ್ತದೆಂಬುದು ಚಿತ್ರದಲ್ಲಿಯೇ ಕಾಣುತ್ತಿದ್ದವು.

ಹಾಗಾಗಿ ಮೊದಲ ರಾತ್ರಿ ನಾನು ಅದಕ್ಕೆ ನೇರ ವಿರುದ್ಧವಾದ ತಪ್ಪನ್ನು ಮಾಡಿದೆ, ಅಂದರೆ ಚಮತ್ಕಾರಕ್ಕೆ ಹೋದೆ. "ರಸ್ತೆಯ ಗುಂಡಿಗೆ ನಿಮ್ಮ ಗುಂಡಿಗೆ ನಡುಗದಿರಲಿ" ಎಂದು ಬರೆದು, ಐದೇ ಪದದಲ್ಲಿ ಶ್ಲೇಷೆಯನ್ನೂ ತಂದೆನೆಂದು ಹಿಗ್ಗಿದೆ. ಮರುದಿನ ಬೆಳಿಗ್ಗೆ ಆ ಸಾಲನ್ನು ವೀಡಿಯೊದ ಮೇಲೆ ಹಾಕಿಸಿ, ಏನನ್ನೂ ಹೇಳದೆ ಹೆಂಡತಿಯ ಕೈಗೆ ಫೋನ್ ಕೊಟ್ಟೆ. ಅವಳು ಮೊದಲ "ಗುಂಡಿಗೆ"ಯನ್ನು ಸರಿಯಾಗಿಯೇ ಓದಿದಳು. ಎರಡನೆಯದಕ್ಕೆ ಬಂದಾಗ ಕಣ್ಣು ಹಿಂದಕ್ಕೆ ಹೋಗಿ ಮತ್ತೆ ಮೊದಲನೆಯದನ್ನು ನೋಡಿತು, ಹುಬ್ಬು ಗಂಟಿಕ್ಕಿತು, ಆಮೇಲೆ ಅರ್ಥವಾಗಿ ಸಣ್ಣಗೆ ನಕ್ಕಳು. ಅಷ್ಟರಲ್ಲಿ ಬೈಕು ಉಬ್ಬು ದಾಟಿಯಾಗಿತ್ತು. "ಫೋನ್ ಅಲುಗಾಡ್ತೇನೇ?" ಎಂದು ಕೇಳಿದರೆ, "ಯಾವ ಫೋನು? ನಾನು ನಿಮ್ಮ ಪದಬಂಧ ಬಿಡಿಸ್ತಿದ್ದೆ" ಎಂದಳು. ನಾನು ಬರೆದ ಸಾಲು, ವಸ್ತು ತನ್ನ ಗುಣವನ್ನು ತೋರಿಸುವ ಆ ಎರಡು ಸೆಕೆಂಡುಗಳನ್ನೇ ನುಂಗಿಹಾಕಿತ್ತು. ಇನ್ನೂ ಒಂದು ಕೊರತೆಯಿತ್ತು: ಫೋನು ಬೀಳುವುದಿಲ್ಲವೆಂದು ಚಿತ್ರವೇ ತೋರಿಸುತ್ತಿದ್ದಾಗ ಅದನ್ನೇ ಅಕ್ಷರದಲ್ಲಿ ಮತ್ತೆ ಹೇಳುವುದರಿಂದ ನೋಡುವವರಿಗೆ ಹೊಸದೇನೂ ಸಿಗುತ್ತಿರಲಿಲ್ಲ.

ಚಿತ್ರ ಹೇಳಲಾರದ್ದು ಏನು ಎಂಬ ಪ್ರಶ್ನೆ ನನಗೆ ಆಗ ಎದುರಾಯಿತು. ಮನೆಯಲ್ಲಿ ಕುಳಿತು ಅದಕ್ಕೆ ಉತ್ತರ ಸಿಗುವಂತಿರಲಿಲ್ಲ. ಮೂರನೆಯ ದಿನ ಸಂಜೆ ಐದರ ಹೊತ್ತಿಗೆ ಅಂಗಡಿಗೆ ಹೋಗಿ, ಟೆಂಪರ್ಡ್ ಗ್ಲಾಸ್ ಅಂಟಿಸುವ ಮೇಜಿನ ಪಕ್ಕದಲ್ಲೊಂದು ಸ್ಟೂಲು ಹಾಕಿಸಿಕೊಂಡು ಕುಳಿತೆ. ಸುಮಾರು ಒಂದೂವರೆ ಗಂಟೆಯಲ್ಲಿ ಏಳು ಜನ ಆ ಹೋಲ್ಡರನ್ನು ಕೈಗೆತ್ತಿಕೊಂಡರು. ಇಬ್ಬರು ಬೆಲೆ ಕೇಳಿ ಇಟ್ಟುಹೋದರು. ಉಳಿದ ಐವರೂ, ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ, ಒಂದೇ ಪ್ರಶ್ನೆ ಕೇಳಿದರು. ಶಾಲೆಯ ಶಿಕ್ಷಕಿಯಂತೆ ಕಂಡ ಮಹಿಳೆಯೊಬ್ಬರು ಕ್ಲಾಂಪಿನ ಬಾಯಿಗೆ ತೋರುಬೆರಳು ತೂರಿಸಿ ನೋಡಿ, "ಇದು ನಮ್ ಸ್ಕೂಟಿಗೆ ಕೂರುತ್ತೇನ್ರಿ?" ಎಂದರು. ಹುಡುಗ "ಕೂರುತ್ತೆ ಮೇಡಂ" ಎಂದ. ಅವರು ನಂಬಲಿಲ್ಲ, ಹೊರಗೆ ನಿಲ್ಲಿಸಿದ್ದ ಗಾಡಿಯ ಕಡೆಗೊಮ್ಮೆ ನೋಡಿ, ಕ್ಲಾಂಪಿನ ಕಡೆಗೊಮ್ಮೆ ನೋಡಿ, ಆಮೇಲೆ ಬರುತ್ತೇನೆಂದು ಹೋದರು.

ಅವರ ಅನುಮಾನ ಸರಿಯಾದದ್ದೇ. ಬೈಕುಗಳ ಹ್ಯಾಂಡಲ್ ಬಹುಮಟ್ಟಿಗೆ ಸುಮಾರು 22 ಮಿಲಿಮೀಟರ್ ದಪ್ಪದ ಬರಿಯ ಕೊಳವೆ. ಕ್ಲಾಂಪು ಅದಕ್ಕೆಂದೇ ಮಾಡಿದ್ದು. ಸ್ಕೂಟರಿನಲ್ಲಿಯೂ ಒಳಗೆ ಕೊಳವೆಯೇ ಇರುತ್ತದೆ, ಆದರೆ ಹೆಡ್‌ಲೈಟು, ಮೀಟರುಗಳನ್ನು ಸೇರಿಸಿಕೊಂಡು ಅದರ ಮೇಲೆ ಪ್ಲಾಸ್ಟಿಕ್ಕಿನ ಕವಚ ಕೂತಿರುವುದರಿಂದ, ಕೈಹಿಡಿಯ ರಬ್ಬರನ್ನು ಬಿಟ್ಟರೆ ಕ್ಲಾಂಪಿಗೆ ಹಿಡಿಯಲು ಜಾಗವೇ ಸಿಗುವುದಿಲ್ಲ. ಸ್ಕೂಟರಿನಲ್ಲಿ ಬಯಲಿಗೆ ಕಾಣುವ ಲೋಹದ ಭಾಗವೆಂದರೆ ಕನ್ನಡಿಯ ಕಡ್ಡಿ. ಹುಡುಗನ ಕೈಯಲ್ಲಿ ಡಬ್ಬಿ ತೆರೆಸಿ ನೋಡಿದಾಗ, ತಳದಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲದೊಳಗೆ ಎರಡನೆಯ ಕ್ಲಾಂಪೊಂದು ಇತ್ತು, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಒಳಗೆ ರಬ್ಬರಿನ ಬಳೆ. ಅದು ಕನ್ನಡಿ ಕಡ್ಡಿಯದೆಂದು ಅವನಿಗೂ ಗೊತ್ತಿರಲಿಲ್ಲ; ಅದನ್ನು ಅವನು ಬಿಡಿ ಭಾಗವೆಂದುಕೊಂಡಿದ್ದ. ಮಾಲೀಕರ ಸ್ಕೂಟರಿಗೆ ಅಲ್ಲೇ ಹಾಕಿ ನೋಡಿದೆವು. ಎಡಗನ್ನಡಿಯ ಕಡ್ಡಿಗೆ ಬಳೆ ಸುತ್ತಿ, ಕ್ಲಾಂಪು ಮುಚ್ಚಿ, ಸ್ಕ್ರೂ ಬಿಗಿದ ಮೇಲೆ ಹೋಲ್ಡರು ಗಟ್ಟಿಯಾಗಿ ನಿಂತಿತು. ಬಳೆ ಬಿಟ್ಟು ಹಾಕಿದರೆ ಮಾತ್ರ ಫೋನಿನ ತೂಕಕ್ಕೆ ಕಡ್ಡಿಯ ಸುತ್ತ ನಿಧಾನವಾಗಿ ತಿರುಗಿ ಕೆಳಕ್ಕೆ ಬಾಗುತ್ತಿತ್ತು. ವೀಡಿಯೊದಲ್ಲಿ ಇದಾವುದೂ ಇರಲಿಲ್ಲ, ಅದರಲ್ಲಿದ್ದದ್ದು ಬೈಕು ಒಂದೇ. ಸ್ಕೂಟರಿನವರು ಅದನ್ನು ನೋಡಿ, ಇದು ತಮಗಲ್ಲವೆಂದು ಹೆಬ್ಬೆರಳಿನಿಂದ ಮೇಲಕ್ಕೆ ಸರಿಸಿ ಹೋಗುವುದು ಖಚಿತವಾಗಿತ್ತು.

ಸಾಲು ಹೇಳಬೇಕಾದದ್ದು ಸಿಕ್ಕಿತು. ಅದಕ್ಕೆ ಜಾಗ ಮಾಡಲು ಮಾಲೀಕರ ಸಾಲಿನಿಂದ ಏನೇನು ಬಿಡಬೇಕೆಂಬ ಚರ್ಚೆಯಲ್ಲಿ "ಶಾಕ್‌ಪ್ರೂಫ್" ಪದದ ಬಳಿ ಮಾತ್ರ ಸ್ವಲ್ಪ ಜಗ್ಗಾಟವಾಯಿತು. ಅದು ಡಬ್ಬಿಯ ಮೇಲೆಯೇ ಅಚ್ಚಾಗಿದೆಯಲ್ಲ ಎಂಬುದು ಅವರ ವಾದ. ಫೋನು ಕೆಳಕ್ಕೆ ಬೀಳದಿರುವುದೇ ಬೇರೆ, ಅದಕ್ಕೆ ಅದುರು ತಾಕದಿರುವುದೇ ಬೇರೆ. ಈಗಿನ ಅನೇಕ ಫೋನುಗಳ ಕ್ಯಾಮೆರಾದಲ್ಲಿ, ಕೈ ನಡುಗಿದರೂ ಚಿತ್ರ ಮಸುಕಾಗದಂತೆ, ಮಸೂರವನ್ನು ಸೂಕ್ಷ್ಮವಾಗಿ ಅತ್ತಿತ್ತ ಸರಿಸುವ ವ್ಯವಸ್ಥೆ ಇರುತ್ತದೆ; ಹೆಚ್ಚು ಶಕ್ತಿಯ ಮೋಟಾರ್‌ಸೈಕಲ್ ಎಂಜಿನ್ನಿನ ಅದುರು ಹ್ಯಾಂಡಲಿನ ಮೂಲಕ ನೇರವಾಗಿ ಫೋನಿಗೆ ಹಾಯ್ದರೆ ಈ ವ್ಯವಸ್ಥೆ ಕೆಡಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ತನ್ನ ಬಳಕೆದಾರರಿಗೆ ಎಚ್ಚರಿಕೆ ಕೊಟ್ಟಿತ್ತು, ಸ್ಕೂಟರಿನಂಥ ಸಣ್ಣ ಗಾಡಿಗಳಲ್ಲೂ ಅದುರನ್ನು ಹೀರಿಕೊಳ್ಳುವ ಹೋಲ್ಡರನ್ನೇ ಬಳಸಬೇಕೆಂದು ಸಲಹೆ ಮಾಡಿತ್ತು. ನಮ್ಮ ಹೋಲ್ಡರಿನಲ್ಲಿ ಅಂಥ ರಬ್ಬರು ಬುಷ್ಷಾಗಲಿ ಸ್ಪ್ರಿಂಗಾಗಲಿ ಇರಲಿಲ್ಲ, ತೋಳುಗಳ ತುದಿಗೆ ತೆಳ್ಳಗಿನ ಮೆತ್ತೆ ಇತ್ತು, ಅಷ್ಟೇ. ಅಂಗೈಯಿಂದ ಹೋಲ್ಡರನ್ನು ಹಿಡಿದುಕೊಂಡು, ನಿಂತ ಬೈಕಿನ ಎಂಜಿನ್ನಿಗೆ ಸ್ವಲ್ಪ ರೇಸ್ ಕೊಡಿ ಎಂದೆ. ಮಾಲೀಕರೂ ಕೈಯಿಟ್ಟು ನೋಡಿದರು. ಹ್ಯಾಂಡಲಿನಷ್ಟೇ ಅದೂ ಅದುರುತ್ತಿತ್ತು. "ಆಯ್ತು ಬಿಡ್ರಿ, ಆ ಪದ ತೆಗೀರಿ" ಎಂದರು. ಡಬ್ಬಿಯ ಮೇಲಿನ ಪದ ಡಬ್ಬಿ ಮಾಡಿದವರ ಮಾತು. ವೀಡಿಯೊದ ಮೇಲೆ ಅದನ್ನೇ ಬರೆದರೆ ಅದು ಅಂಗಡಿಯ ಮಾತಾಗುತ್ತದೆ.

ಆಮೇಲೆ ಬರೆದ ಮೊದಲ ರೂಪ ಹೀಗಿತ್ತು: "ಬೈಕಾದರೆ ಹ್ಯಾಂಡಲ್‌ಗೆ, ಸ್ಕೂಟಿಯಾದರೆ ಕನ್ನಡಿ ಕಡ್ಡಿಗೆ." ಲಯ ಚೆನ್ನಾಗಿತ್ತು, ನನಗೆ ಈಗಲೂ ಇಷ್ಟ. ಆದರೆ ಇದು ಸೂಚನೆಯ ಸಾಲಾಯಿತೇ ಹೊರತು ಉತ್ತರವಾಗಲಿಲ್ಲ. ಶಿಕ್ಷಕಿ ಕೇಳಿದ್ದು ಎಲ್ಲಿಗೆ ಎಂದಲ್ಲ, ಕೂರುತ್ತದೆಯೇ ಎಂದು. ಅದಕ್ಕೆ ಅವರದೇ ಕ್ರಿಯಾಪದವನ್ನು ತೆಗೆದುಕೊಂಡೆ. "ಹೊಂದಿಕೊಳ್ಳುತ್ತದೆ" ಎಂದು ಬರೆಯುವ ಅಭ್ಯಾಸ ನನ್ನ ಕೈಗೆ ಇದೆ, ಕರಡಿನಲ್ಲಿ ಹಾಗೆಯೇ ಬರೆದಿದ್ದೆ ಕೂಡ; ಆದರೆ ಅದು ಆರು ಅಕ್ಷರ, "ಕೂರುತ್ತದೆ" ನಾಲ್ಕೇ ಅಕ್ಷರ, ಮೇಲಾಗಿ ನಟ್ಟು ಬೋಲ್ಟುಗಳ ವಿಷಯದಲ್ಲಿ ಯಾರೂ ಹೊಂದಿಕೊಳ್ಳುತ್ತದೆಯೇ ಎಂದು ಕೇಳುವುದಿಲ್ಲ. "ಕೂರುತ್ತೆ" ಎಂದು ಬಾಯಿಮಾತಿನಲ್ಲೇ ಬಿಡೋಣವೆಂದು ಹುಡುಗ ಹೇಳಿದ. ಒಂದು ಅಕ್ಷರ ಉಳಿಯುತ್ತದೆ, ನಿಜ. ಆದರೆ ಅಂಗಡಿಯ ಬೋರ್ಡು, ಬಿಲ್ಲು ಎಲ್ಲ ಬರಹದ ಕನ್ನಡದಲ್ಲಿರುವಾಗ ಇದೊಂದು ಸಾಲು ಬೇರೆಯವರ ಬಾಯಿಯಿಂದ ಬಂದಂತೆ ಕೇಳುತ್ತದೆ ಎಂದು ನಾನು ಒಪ್ಪಲಿಲ್ಲ.

"ಸ್ಕೂಟಿ" ಪದವನ್ನು ಕೈಬಿಟ್ಟಾಗ ಹುಡುಗನಿಗೆ ಇನ್ನೂ ಬೇಸರವಾಯಿತು. ನಮ್ಮ ಕಡೆ ಗೇರಿಲ್ಲದ ಗಾಡಿಗಳೆಲ್ಲವೂ ಸ್ಕೂಟಿಗಳೇ. ಆದರೆ ಅದು ಟಿವಿಎಸ್ ಕಂಪನಿಯ ಒಂದು ಗಾಡಿಯ ಹೆಸರು. ಮಾತಿನಲ್ಲಿ ಹೇಗಾದರೂ ಇರಲಿ, ಮಾರಾಟದ ಸಾಲಿನಲ್ಲಿ ಬರೆದರೆ ಆ ಗಾಡಿಗೆಂದೇ ಮಾಡಿದ್ದೆಂಬ ಅರ್ಥವೂ ಹೊರಡಬಹುದು. "ಸ್ಕೂಟರ್" ಎಂದು ಹಾಕಿದೆವು. ಎರಡನೆಯ ವಾಕ್ಯದಲ್ಲಿ, ಕೂರುವುದಕ್ಕೆ ಬೇಕಾದ ಸಾಮಾನಿಗೆ ಪ್ರತ್ಯೇಕ ದುಡ್ಡು ಕೊಡಬೇಕಿಲ್ಲವೆಂದು ತಿಳಿಸಬೇಕಿತ್ತು. "ಉಚಿತ" ಎಂದರೆ ಏನೋ ಕೊಡುಗೆಯಂತೆ ಕೇಳುತ್ತದೆ, ನಿಜದಲ್ಲಿ ಅದು ಡಬ್ಬಿಯ ಭಾಗವೇ. ಕೊನೆಗೆ ನಿಂತದ್ದು ಇದು:

"ಬೈಕಿಗೂ ಸ್ಕೂಟರಿಗೂ ಕೂರುತ್ತದೆ. ಎರಡೂ ಕ್ಲಾಂಪ್ ಡಬ್ಬಿಯಲ್ಲೇ ಇವೆ."

ಕಣ್ಣಿಗೆ ಇದು 22 ಅಕ್ಷರ. ಕಂಪ್ಯೂಟರಿಗೆ, ನಡುವಿನ ಖಾಲಿ ಜಾಗ ಮತ್ತು ಚುಕ್ಕೆಗಳೂ ಸೇರಿ, 56. ಕನ್ನಡದಲ್ಲಿ ಚುಟುಕು ಸಾಲು ಬರೆಯುವವರಿಗೆ ಈ ಎರಡು ಲೆಕ್ಕಗಳ ಅಂತರ ಬಹಳ ಕಾಟ ಕೊಡುತ್ತದೆ. "ಸ್ಕೂ" ನಮಗೆ ಒಂದು ಅಕ್ಷರ. ಯಂತ್ರ ಅದನ್ನು ಸ, ವಿರಾಮ, ಕ, ಊಕಾರದ ಚಿಹ್ನೆ ಎಂದು ನಾಲ್ಕಾಗಿ ಎಣಿಸುತ್ತದೆ. ಯೂಟ್ಯೂಬಿನ ಶೀರ್ಷಿಕೆಗೆ ಇರುವ 100 ಅಕ್ಷರಗಳ ಮಿತಿಯಲ್ಲಿ ಇಂಗ್ಲಿಷಿನವರು ಹಿಡಿಸುವಷ್ಟು ಮಾತನ್ನು ನಾವು ಹಿಡಿಸಲಾಗದಿರುವುದಕ್ಕೆ ಇದೇ ಕಾರಣ. ಹಾಗೆಯೇ, "ಬೈಕ್‌ಗೂ" ಎಂದು ಬರೆಯದೆ "ಬೈಕಿಗೂ" ಎಂದು ಬರೆದದ್ದಕ್ಕೂ ಒಂದು ಕಾರಣವಿತ್ತು. ಮೊದಲ ರೂಪದಲ್ಲಿ ಅರ್ಧ ಕಕಾರ ಮತ್ತು ಗಕಾರ ಒತ್ತಾಗಿ ಸೇರಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಇಡಬೇಕಾಗುತ್ತದೆ. ವಾಟ್ಸಾಪಿನಿಂದ ನಕಲು ಮಾಡಿ ಇನ್ನೊಂದು ಕಡೆ ಅಂಟಿಸುವಾಗ ಅದು ಎಲ್ಲೋ ಉದುರಿಹೋಗಿ, ಕಕಾರದ ಕೆಳಗೆ ಗಕಾರದ ಒತ್ತು ಬಂದು ಕೂರುವುದನ್ನು ನಾನು ಫ್ಲೆಕ್ಸುಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಪದವನ್ನು ಇಕಾರಾಂತ ಮಾಡಿಬಿಟ್ಟರೆ ಆ ಅಪಾಯವೇ ಇಲ್ಲ. ಹಳಬರು ಬಸ್ಸಿಗೆ, ಕಾರಿಗೆ, ಬ್ಯಾಂಕಿಗೆ ಎಂದು ಬರೆಯುತ್ತಿದ್ದ ರೀತಿಯೇ ಇದು.

ನಾಲ್ಕನೆಯ ದಿನ ಸಾಲನ್ನು ಯಾವ ಸೆಕೆಂಡಿನಲ್ಲಿ ಇಡಬೇಕೆಂಬುದನ್ನು ನೋಡಿದೆವು. ಮೊದಲಿನಿಂದ ಕೊನೆಯವರೆಗೂ ಇರಲಿ ಎಂದು ಮಾಲೀಕರು. ಹಾಗಾದರೆ ಅದು ಟೀವಿ ಮೂಲೆಯ ಚಿಹ್ನೆಯಂತಾಗಿ ಯಾರೂ ಓದುವುದಿಲ್ಲವೆಂದು ನಾನು. ಅಂಗಡಿಗೆ ಬಂದ ಮೂವರಿಗೆ, ಪಕ್ಕದ ಚಹಾ ಅಂಗಡಿಯಲ್ಲಿ ನಿಂತಿದ್ದ ಊಟ ತಲುಪಿಸುವ ಹುಡುಗನೊಬ್ಬನನ್ನೂ ಸೇರಿಸಿ, ಸಾಲನ್ನು ಮಾತ್ರ ತೋರಿಸಿ ಮನಸ್ಸಿನಲ್ಲೇ ಓದಿ ಮುಗಿದಾಗ ತಲೆಯಾಡಿಸಲು ಹೇಳಿ ಫೋನಿನ ಸ್ಟಾಪ್‌ವಾಚ್ ಒತ್ತಿದೆ. ಎರಡೂವರೆಯಿಂದ ಮೂರೂವರೆ ಸೆಕೆಂಡು ಆಯಿತು. ಚಲಿಸುವ ಚಿತ್ರದ ಮೇಲಾದರೆ ಇನ್ನೊಂದು ಸೆಕೆಂಡು ಬೇಕಾಗುತ್ತದೆಂದು ಲೆಕ್ಕ ಹಾಕಿ, ನಾಲ್ಕೂವರೆ ಸೆಕೆಂಡು ಇಟ್ಟುಕೊಂಡೆವು. ಉಬ್ಬು ತಗ್ಗಿನ ಭಾಗದ ಮೇಲೆ ಇಡುವಂತಿರಲಿಲ್ಲ, "ಗುಂಡಿಗೆ"ಯ ಪಾಠ ನೆನಪಿತ್ತು. ಕ್ಲಾಂಪು ಬಿಗಿಯುವ ಭಾಗದಲ್ಲಿ ಚಿತ್ರ ಹೆಚ್ಚು ಕಡಿಮೆ ನಿಶ್ಚಲ. ಆಲೆನ್ ಕೀ ಒಂದೇ ತಿರುಗುತ್ತಿರುತ್ತದೆ, ನೋಡುವವರ ತಲೆಯಲ್ಲಿ ತನ್ನ ಗಾಡಿಗೆ ಇದು ಕೂರುತ್ತದೆಯೇ ಎಂಬ ಪ್ರಶ್ನೆ ಏಳುವುದೂ ಅಲ್ಲಿಯೇ. ಮೂರೂವರೆಯಿಂದ ಎಂಟನೆಯ ಸೆಕೆಂಡಿನವರೆಗೆ ಎಂದು ತೀರ್ಮಾನವಾಯಿತು.

ಚಿತ್ರದ ಯಾವ ಭಾಗದಲ್ಲಿ ಎಂಬುದಕ್ಕೆ ಹೆಚ್ಚು ಯೋಚಿಸಬೇಕಾಗಲಿಲ್ಲ. ರೀಲ್ಸಿನಲ್ಲಿ ಖಾತೆಯ ಹೆಸರು, ಕೆಳಗಿನ ಬರಹ, ಹಾಡಿನ ಹೆಸರು ಎಲ್ಲವೂ ಚಿತ್ರದ ತಳಭಾಗದ ಮೇಲೆಯೇ ಬಂದು ಕೂರುತ್ತವೆ, ಮೆಚ್ಚುಗೆ, ಹಂಚಿಕೆಯ ಗುರುತುಗಳು ಬಲಗಡೆ ಸಾಲಾಗಿ ನಿಲ್ಲುತ್ತವೆ. ತಳದ ಮೂರನೇ ಒಂದು ಭಾಗವನ್ನೂ ಬಲದ ಅಂಚನ್ನೂ ಬಿಟ್ಟು, ಎರಡು ವಾಕ್ಯಗಳನ್ನು ಎರಡು ಸಾಲಾಗಿ ಒಡೆದು ನಡುವಿಗಿಂತ ಸ್ವಲ್ಪ ಮೇಲೆ ಇಟ್ಟೆವು.

ಐದನೆಯ ದಿನ ಎಡಿಟಿಂಗ್ ಮಾಡುವ ಹುಡುಗ ಕಳಿಸಿದ ಪ್ರತಿಯಲ್ಲಿ "ಕ್ಲಾಂಪ್" ಎಂಬುದು "ಕ್ ಲಾಂಪ್" ಎಂದು ಒಡೆದುಹೋಗಿತ್ತು. ಲಕಾರ ಒತ್ತಾಗಿ ಕೆಳಗಿಳಿಯದೆ ಪಕ್ಕದಲ್ಲೇ ನಿಂತಿತ್ತು, "ಸ್ಕೂ" ಕೂಡ ಹಾಗೆಯೇ. ಅಕ್ಷರಶೈಲಿಯ ದೋಷವೆಂದು ಅವನು ಮೂರು ಬೇರೆ ಬೇರೆ ಫಾಂಟ್ ಹಾಕಿ ನೋಡಿದ್ದನಂತೆ. ಎಲ್ಲದರಲ್ಲೂ ಒಡೆದಿತ್ತೆಂದರೆ ದೋಷ ಫಾಂಟಿನದಲ್ಲ, ಅಕ್ಷರಗಳನ್ನು ಜೋಡಿಸುವ ಸಾಫ್ಟ್‌ವೇರಿನದು. ಅವನು ಬಳಸುತ್ತಿದ್ದ ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಬೇರೆಯೇ ಆಯ್ಕೆಯಿತ್ತು. ಅದನ್ನು ಒತ್ತಿ, ಸಾಲನ್ನು ಅಳಿಸಿ ಹೊಸದಾಗಿ ಟೈಪ್ ಮಾಡಿದ ಮೇಲೆ ಒತ್ತುಗಳು ತಮ್ಮ ಜಾಗಕ್ಕೆ ಬಂದವು. ಬಂದ ಒತ್ತುಗಳನ್ನು ಕಪ್ಪು ಪಟ್ಟಿ ಕತ್ತರಿಸಿತು. ಅಕ್ಷರದ ಹಿಂದೆ ಹಾಕುವ ಆ ಪಟ್ಟಿಯ ಎತ್ತರ ಇಂಗ್ಲಿಷ್ ಅಕ್ಷರದ ಅಳತೆಯದು. "ಡಬ್ಬಿಯಲ್ಲೇ" ಪದದ ಬಕಾರದ ಒತ್ತು, ಲಕಾರದ ಒತ್ತು ಎರಡೂ ಪಟ್ಟಿಯಿಂದ ಕೆಳಗೆ ಜೋತು, ಬಿಳಿ ಟ್ಯಾಂಕಿನ ಮೇಲೆ ಬಿಳಿ ಅಕ್ಷರವಾಗಿ ಮಾಯವಾಗಿದ್ದವು. ದೂರದಿಂದ ನೋಡಿದರೆ "ಡಬಿಯಲೇ" ಎಂದು ಓದುತ್ತಿತ್ತು. ಪಟ್ಟಿಯ ತಳವನ್ನು ಅರ್ಧ ಅಕ್ಷರದಷ್ಟು ಇಳಿಸಿ, ಎರಡು ಸಾಲುಗಳ ನಡುವಿನ ಅಂತರವನ್ನೂ ಅಷ್ಟೇ ಹೆಚ್ಚಿಸಬೇಕಾಯಿತು.

ಇದೇ ವೀಡಿಯೊವನ್ನು ಊರಿನಲ್ಲಿ ರೀಲ್ಸ್ ಮಾಡಿ ಹೆಸರಾಗಿರುವ ಹುಡುಗಿಯೊಬ್ಬಳು ತನ್ನ ಖಾತೆಯಲ್ಲಿಯೂ ಹಾಕುವುದೆಂದು ಮಾತಾಗಿತ್ತು, ಅದಕ್ಕೆ ಅವಳಿಗೆ ಹಣವೂ ಸಂದಿತ್ತು. ಹಾಗೆ ಹಣ ಪಡೆದು ಹಾಕುವಾಗ ಅದು ಜಾಹೀರಾತೆಂದು ತಿಳಿಸಬೇಕು. ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ವೀಡಿಯೊದ ಮೇಲೆಯೇ ತೋರಿಸುವುದಾದರೆ, 15 ಸೆಕೆಂಡು ಅಥವಾ ಅದಕ್ಕಿಂತ ಚಿಕ್ಕದಾದ ವೀಡಿಯೊದಲ್ಲಿ ಆ ಗುರುತು ಕನಿಷ್ಠ 3 ಸೆಕೆಂಡು ಇರಬೇಕು. ಸಾಲು ಮೂರೂವರೆಗೆ ಆರಂಭವಾಗುವುದರಿಂದ ಮೊದಲ ಮೂರು ಸೆಕೆಂಡು ಖಾಲಿಯಿತ್ತು. ಅವಳ ಪ್ರತಿಯಲ್ಲಿ "ಜಾಹೀರಾತು" ಎಂಬ ಪದವನ್ನು ಅಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಹಾಕಿಸಿದೆವು. ಒಂದರ ಮೇಲೊಂದು ಬೀಳಲಿಲ್ಲ.

ಉಳಿದ ಮಾತುಗಳೆಲ್ಲ ವೀಡಿಯೊದ ಕೆಳಗಿನ ಬರಹಕ್ಕೆ ಹೋದವು. ಬೆಲೆಯನ್ನು ಚಿತ್ರದ ಮೇಲೆಯೇ ಕೆತ್ತಿಬಿಡಿ ಎಂದು ಮಾಲೀಕರು ಎರಡು ಸಲ ಕೇಳಿದ್ದರು. ಕೆಳಗಿನ ಬರಹವನ್ನು ನಾಳೆ ತಿದ್ದಬಹುದು, ಚಿತ್ರದಲ್ಲಿ ಸೇರಿಹೋದ ಅಕ್ಷರವನ್ನು ತಿದ್ದಲಾಗದು. ಮೇಲಾಗಿ ಯಾರಾದರೂ ವೀಡಿಯೊವನ್ನು ಇಳಿಸಿಕೊಂಡು ವಾಟ್ಸಾಪಿನಲ್ಲಿ ಹಂಚಿದರೆ ಕೆಳಗಿನ ಬರಹ ಉದುರಿ, ಮೇಲಿನದು ಮಾತ್ರ ಊರೂರು ತಿರುಗುತ್ತದೆ. ಹಬ್ಬಕ್ಕೆ ಇಳಿಸಿದ ಬೆಲೆ ಮುಂದಿನ ಯುಗಾದಿಗೆ ಯಾರದೋ ಫೋನಿನಲ್ಲಿ ಎದ್ದು ಬಂದು ಜಗಳಕ್ಕೆ ನಿಲ್ಲುವುದು ಬೇಡವೆಂದು ಹೇಳಿದ ಮೇಲೆ ಒಪ್ಪಿದರು. ಕೆಳಗೆ ಬೆಲೆ, ಅಂಗಡಿಯ ಗುರುತು, ಕಡ್ಡಿಗೆ ಹಾಕುವಾಗ ರಬ್ಬರು ಬಳೆ ಮರೆಯಬೇಡಿ ಎಂಬ ಒಂದು ಮಾತು ಬಂದವು. ದುಬಾರಿ ಕ್ಯಾಮೆರಾದ ಫೋನನ್ನು ಬೈಕಿನಲ್ಲಿ ಹೆಚ್ಚು ಹೊತ್ತು ಸಿಕ್ಕಿಸಿಡಬೇಡಿ ಎಂಬುದನ್ನೂ ಸೇರಿಸಲು ಒತ್ತಾಯಿಸಿದೆ. ಮಾಲೀಕರು ಅದನ್ನು ಕೊನೆಯ ಸಾಲಿಗೆ ತಳ್ಳಿದರು. "ಇನ್ನಷ್ಟು" ಎಂಬುದನ್ನು ಒತ್ತಿದವರಿಗೆ ಮಾತ್ರ ಅದು ಕಾಣುತ್ತದೆ. ಈ ವಿಷಯದಲ್ಲಿ ನನಗೆ ಪೂರ್ತಿ ಸಮಾಧಾನವಿಲ್ಲ.

ಆರನೆಯ ದಿನ ರಾತ್ರಿ ವೀಡಿಯೊ ಹೊರಬಿತ್ತು. ಮುಂದಿನ ವಾರ ನಾನು ಅಂಗಡಿಗೆ ಹೋದಾಗ ಒಬ್ಬರು ಹೋಲ್ಡರನ್ನು ಕೈಗೆತ್ತಿಕೊಂಡು, ಕೂರುತ್ತದೆಯೇ ಎಂದು ಕೇಳುವ ಬದಲು, "ಎಡಗನ್ನಡಿಗೋ ಬಲಗನ್ನಡಿಗೋ?" ಎಂದು ಕೇಳುತ್ತಿದ್ದರು. ಬಲಗೈ ಯಾವಾಗಲೂ ಆಕ್ಸಿಲರೇಟರಿನ ಮೇಲಿರುತ್ತದೆ, ಎಡಕ್ಕೇ ಹಾಕಿ ಎಂದು ಹುಡುಗ ಹೇಳಿದ.

ತಿಂಗಳ ಮೇಲೆ ಮಾಲೀಕರ ಫೋನು ಬಂತು. ಬೆಂಗಳೂರಿನಿಂದ ಹೊಸದಾಗಿ ಬಂದ ಸರಕಿನಲ್ಲಿ, ಅದೇ ಡಬ್ಬಿ, ಅದೇ ಹೋಲ್ಡರು, ಆದರೆ ಸಣ್ಣ ಕ್ಲಾಂಪು ಇಲ್ಲವೆಂದರು. ಕಳಿಸಿದವರನ್ನು ಕೇಳಿದರೆ, ಅದು ಬೇಕಾದರೆ ಬಿಡಿಯಾಗಿ ಕೊಳ್ಳಿ ಎಂದರಂತೆ. "ಡಬ್ಬಿಯಲ್ಲೇ ಇವೆ ಅಂತ ಬರೆದುಬಿಟ್ಟೀವಲ್ರಿ ಸರ್, ಈಗೇನು ಮಾಡೋದು?" ವೀಡಿಯೊ ತೆಗೆದುಬಿಡಿ ಎಂದೆ. ಅಷ್ಟು ಹೊತ್ತಿಗೆ ಅದು ಎಷ್ಟು ಜನರ ಫೋನಿನಲ್ಲಿ ಇಳಿದಿತ್ತೋ ಯಾರಿಗೆ ಗೊತ್ತು, ತೆಗೆದು ಪ್ರಯೋಜನವಿಲ್ಲವೆಂದು ಅವರೇ ಹೇಳಿದರು. ಎರಡು ದಿನ ಬಿಟ್ಟು ಆ ಕಡೆ ಹೋದಾಗ, ಗ್ಲಾಸ್ ಅಂಟಿಸುವ ಮೇಜಿನ ಮೇಲೆ ಬಿಡಿಯಾಗಿ ತರಿಸಿದ ಕ್ಲಾಂಪುಗಳ ರಾಶಿ ಇತ್ತು. ಹುಡುಗ ಒಂದೊಂದೇ ಡಬ್ಬಿ ತೆರೆದು, ಕ್ಲಾಂಪೊಂದು, ರಬ್ಬರು ಬಳೆಯೊಂದು ಹಾಕಿ, ಮತ್ತೆ ಮುಚ್ಚಿ, ಪಕ್ಕಕ್ಕೆ ಜೋಡಿಸುತ್ತಿದ್ದ.